ವೀಣೆಯಾ, ತಂಬೂರಿಯಾ, ಸಿತಾರಾ? ಫೋಟೋ ನೋಡಿ ವಾದ್ಯ ಗುರುತಿಸುವುದು ಹೇಗೆ

ಗೆಳತಿಯೊಬ್ಬಳು ತನ್ನ ಅಜ್ಜಿಯ ಹಳೆಯ ಫೋಟೋ ಕಳಿಸಿದ್ದಳು. ಹಿಂದೆ ಪೆನ್ಸಿಲಿನಲ್ಲಿ "ಅಜ್ಜಿ ವೀಣೆ ನುಡಿಸುತ್ತಿರುವುದು" ಅಂತ ಬರೆದಿತ್ತು. ಮನೆಯವರೆಲ್ಲ ಹಾಗೇ ನಂಬಿದ್ದರು. ಉದ್ದ ದಂಡಿ, ಕೆಳಗೆ ದೊಡ್ಡ ಬುರುಡೆ, ಮಡಿಲಲ್ಲಿ ಆನಿಸಿಕೊಂಡು ಕೂತ ಹುಡುಗಿ. ಮೊದಲ ನೋಟಕ್ಕೆ ಯಾರಿಗಾದರೂ ವೀಣೆ ಅಂತಲೇ ಅನಿಸುತ್ತದೆ. ಆದರೆ ಅದು ವೀಣೆ ಆಗಿರಲಿಲ್ಲ. ಅದು ಏನಾಗಿತ್ತು, ಹೇಗೆ ಗೊತ್ತಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನೋಡುವ ಕ್ರಮ ಹೇಳಬೇಕು.

ನಮ್ಮಲ್ಲಿ ಹೆಚ್ಚಿನವರು ವಾದ್ಯದ ಒಟ್ಟು ಆಕಾರ ನೋಡಿ ಹೆಸರು ಹೇಳಿಬಿಡುತ್ತೇವೆ. ತಪ್ಪಾಗುವುದು ಅಲ್ಲೇ. ದುಂಡು ಹೊಟ್ಟೆ ಮತ್ತು ಉದ್ದ ಕತ್ತು ಇರುವ ವಾದ್ಯಗಳು ಬೇಕಾದಷ್ಟಿವೆ. ಎರಡು ಕಡೆ ಚರ್ಮ ಇರುವ ವಾದ್ಯಗಳಂತೂ ಇನ್ನೂ ಜಾಸ್ತಿ. ನಾನು ಮೊದಲು ನೋಡುವುದು ಕೈಗಳನ್ನು. ಎಡಗೈ ಏನು ಮಾಡುತ್ತಿದೆ, ಬಲಗೈ ತಂತಿಯ ಯಾವ ಜಾಗದಲ್ಲಿದೆ? ಆಮೇಲೆ ದಂಡಿಯ ಮೇಲೆ ಮೆಟ್ಟುಗಳು, ಅಂದರೆ ತಂತಿಯ ಕೆಳಗೆ ಸ್ವರಗಳಿಗೆಂದು ಕೂರಿಸಿದ ಅಡ್ಡ ಕಡ್ಡಿಗಳು, ಇವೆಯಾ ಅಂತ ನೋಡುತ್ತೇನೆ. ಕೊನೆಗೆ ತಂತಿ ಬಿಗಿಮಾಡುವ ಬಿರಡೆ ಎಣಿಸುತ್ತೇನೆ. ತಂತಿ ಎಣಿಸಲು ಹೋಗಬೇಡಿ. ಫೋಟೋದಲ್ಲಿ ತಂತಿ ಬೆಳಕಿಗೆ ಕರಗಿಹೋಗುತ್ತದೆ. ಬಿರಡೆ ದಪ್ಪ ಇರುವುದರಿಂದ ಮಸುಕು ಫೋಟೋದಲ್ಲೂ ಕಾಣುತ್ತದೆ, ಮತ್ತು ಪ್ರತಿ ತಂತಿಗೂ ಒಂದು ಬಿರಡೆ ಇರಲೇಬೇಕು.

ವೀಣೆ ಮತ್ತು ಸಿತಾರ್

ಇವೆರಡನ್ನು ಗುರುತಿಸಲು ಮೆಟ್ಟುಗಳೇ ಸಾಕು. ನಮ್ಮ ಸರಸ್ವತಿ ವೀಣೆಯಲ್ಲಿ 24 ಮೆಟ್ಟುಗಳು. ಒಂದು ಸ್ಥಾಯಿಗೆ 12ರಂತೆ ಎರಡು ಸ್ಥಾಯಿಗೆ. ಎಲ್ಲಾ ಸ್ವರಸ್ಥಾನಕ್ಕೂ ಮೆಟ್ಟು ಇರುವುದರಿಂದ, ಬುಡದ ದೊಡ್ಡ ಹೊಟ್ಟೆ, ಅಂದರೆ ಕೊಡದ ಕಡೆಗೆ ಬಂದಂತೆ ಅವುಗಳ ನಡುವಿನ ಅಂತರ ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಾ ಹೋಗುತ್ತದೆ. ನಡುವೆ ಎಲ್ಲೂ ಖಾಲಿ ಜಾಗ ಬಿಟ್ಟಂತೆ ಕಾಣುವುದಿಲ್ಲ. ಈ ಮೆಟ್ಟುಗಳನ್ನು ಕಪ್ಪು ಮೇಣದಲ್ಲಿ ಕೂರಿಸಿರುತ್ತಾರೆ. ದಂಡಿಯ ಎರಡು ಅಂಚಿನಲ್ಲೂ ಕಪ್ಪು ಮೇಣದ ಏಣು ಉದ್ದಕ್ಕೂ ಓಡುತ್ತದೆ, ಅದರ ಮೇಲೆ ಲೋಹದ ನೇರ ಕಡ್ಡಿಗಳು ಏಣಿಯ ಮೆಟ್ಟಿಲಿನಂತೆ ಅಡ್ಡ ಕೂತಿರುತ್ತವೆ. ಈ ಕಪ್ಪು ಅಂಚು ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ.

ಸಿತಾರಿನ ಮೆಟ್ಟುಗಳು ಬಿಲ್ಲಿನಂತೆ ಬಾಗಿರುತ್ತವೆ. ಮೇಣ ಇಲ್ಲ. ಪ್ರತಿ ಮೆಟ್ಟನ್ನೂ ದಾರದಿಂದ ದಂಡಿಗೆ ಕಟ್ಟಿರುತ್ತಾರೆ. ರಾಗಕ್ಕೆ ತಕ್ಕಂತೆ ಮೆಟ್ಟನ್ನು ಸರಿಸಿಕೊಳ್ಳಲು ಈ ಏರ್ಪಾಡು. ಮೆಟ್ಟುಗಳು ಸುಮಾರು 20 ಇರುತ್ತವೆ. ಎಲ್ಲಾ ಸ್ವರಸ್ಥಾನಕ್ಕೂ ಮೆಟ್ಟು ಇಲ್ಲದ ಕಾರಣ ಅಂತರ ಒಂದೇ ಸಮ ಇರುವುದಿಲ್ಲ. ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ. ಮೆಟ್ಟುಗಳ ಅಡಿಯಲ್ಲಿ ಇನ್ನೊಂದು ಸಾಲು ತಂತಿ ಹಾದುಹೋಗುತ್ತದೆ. ಅವನ್ನು ಬೆರಳಿಂದ ಒತ್ತುವುದಿಲ್ಲ, ಮೇಲಿನ ತಂತಿ ನುಡಿದಾಗ ತಾವಾಗಿಯೇ ಮಿಡಿಯುತ್ತವೆ. ಇವನ್ನು ತರಬ್ ತಂತಿ ಅನ್ನುತ್ತಾರೆ. ಈ ತಂತಿಗಳ ಸಣ್ಣ ಬಿರಡೆಗಳು ದಂಡಿಯ ಪಕ್ಕದಲ್ಲಿ ಸಾಲಾಗಿ ಇರುತ್ತವೆ. ದಂಡಿಯ ಪಕ್ಕದಲ್ಲಿ ಹತ್ತು ಹನ್ನೆರಡು ಪುಟ್ಟ ಬಿರಡೆಗಳ ಸಾಲೂ ಬಾಗಿದ ಮೆಟ್ಟುಗಳೂ ಒಟ್ಟಿಗೆ ಕಂಡರೆ ಸಿತಾರ್ ಅಂತ ಧೈರ್ಯವಾಗಿ ಹೇಳಬಹುದು. ವೀಣೆಗೆ ಇರುವುದು ಒಟ್ಟು ಏಳೇ ತಂತಿ. ನುಡಿಸುವುದಕ್ಕೆ ನಾಲ್ಕು, ಪಕ್ಕದಲ್ಲಿ ತಾಳಕ್ಕೆ ಮೂರು.

ಹಿಡಿಯುವ ರೀತಿಯಲ್ಲೂ ವ್ಯತ್ಯಾಸ ಇದೆ. ವೀಣೆಯನ್ನು ಈಗ ಸಾಮಾನ್ಯವಾಗಿ ತೊಡೆಯ ಮೇಲೆ ಅಡ್ಡಕ್ಕೆ ಇಟ್ಟುಕೊಳ್ಳುತ್ತಾರೆ. ಕೊಡ ಬಲಗಡೆ, ದಂಡಿಯ ಕೆಳಗಿನ ಸಣ್ಣ ಬುರುಡೆ ಎಡತೊಡೆಯ ಮೇಲೆ. ಸಿತಾರ್ ಓರೆಯಾಗಿರುತ್ತದೆ. ದಂಡಿ ಎಡಭುಜದ ಕಡೆಗೆ ಮೇಲೇರಿರುತ್ತದೆ, ಬಲ ಮುಂಗೈ ಬುರುಡೆಯನ್ನು ಒತ್ತಿ ಹಿಡಿದಿರುತ್ತದೆ. ಆದರೆ ಭಂಗಿಯೊಂದನ್ನೇ ನಂಬಬೇಡಿ. ಹಳೆಯ ಫೋಟೋಗಳಲ್ಲಿ ವೀಣೆಯನ್ನು ಭುಜಕ್ಕೆ ಆನಿಸಿ ನೆಟ್ಟಗೆ ಹಿಡಿದವರೂ ಇದ್ದಾರೆ. ಆ ಸಣ್ಣ ಬುರುಡೆಯನ್ನೂ ನಂಬುವಂತಿಲ್ಲ. ವೀಣೆಯ ಎರಡನೇ ಬುರುಡೆಯನ್ನು ಬಿಚ್ಚಬಹುದು, ಕೆಲವು ಸಿತಾರಿಗೂ ಮೇಲೆ ಒಂದು ಬುರುಡೆ ಸಿಕ್ಕಿಸುತ್ತಾರೆ. ತಲೆಯ ಕಡೆ ಕೆಳಕ್ಕೆ ಬಾಗಿದ ಯಾಳಿಯ, ಅಂದರೆ ಸಿಂಹದಂಥ ಕಾಲ್ಪನಿಕ ಪ್ರಾಣಿಯ ಮುಖ ಇದ್ದರೆ ಅದು ವೀಣೆಯ ಮನೆತನದ್ದು ಅನ್ನಬಹುದು.

'ಮನೆತನದ್ದು' ಅಂದದ್ದಕ್ಕೆ ಕಾರಣ ಇದೆ. ಯಾಳಿ, ಕೊಡ, ಬುರುಡೆ ಎಲ್ಲವೂ ವೀಣೆಯಂತೆಯೇ ಇದ್ದು, ಮೆಟ್ಟು ಮಾತ್ರ ಇಲ್ಲದ ವಾದ್ಯ ಒಂದಿದೆ. ಅದು ಗೋಟುವಾದ್ಯ. ಚಿತ್ರವೀಣೆ ಅಂತಲೂ ಕರೆಯುತ್ತಾರೆ. ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುವುದಿಲ್ಲ, ಮುಂದೆ ನೆಲದ ಮೇಲೆ ಮಲಗಿಸುತ್ತಾರೆ. ಎಡಗೈಯ ಬೆರಳು ತಂತಿ ಒತ್ತುವ ಬದಲು ಒಂದು ಮರದ ತುಂಡನ್ನು ತಂತಿಯ ಮೇಲೆ ಜಾರಿಸುತ್ತಿರುತ್ತದೆ. ದಂಡಿಯ ಮೇಲ್ಮೈ ನುಣುಪಾಗಿದ್ದು, ಎಡಗೈ ಮುಷ್ಟಿಯಲ್ಲಿ ಏನೋ ಹಿಡಿದಂತೆ ಕಂಡರೆ ಗೋಟುವಾದ್ಯವೇ.

ತಂಬೂರಿ, ಮತ್ತು ಅಜ್ಜಿಯ ಫೋಟೋ

ತಂಬೂರಿಗೂ ಮೆಟ್ಟಿಲ್ಲ. ಯಾಕೆಂದರೆ ಅದರಲ್ಲಿ ರಾಗ ನುಡಿಸುವುದಿಲ್ಲ, ಶ್ರುತಿ ಮಾತ್ರ ಮೀಟುತ್ತಾರೆ. ಹಾಗಾಗಿ ಎಡಗೈಗೆ ತಂತಿಯ ಮೇಲೆ ಕೆಲಸವೇ ಇಲ್ಲ. ಇದೇ ದೊಡ್ಡ ಗುರುತು. ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿರಬಹುದು, ಸುಮ್ನೆ ಇರಬಹುದು, ಬುರುಡೆಯನ್ನು ಹಿಡಿದಿರಬಹುದು.

ಬಲಗೈಯಲ್ಲೂ ಒಂದು ಸೂಕ್ಷ್ಮ ಇದೆ. ಸಿತಾರ್ ಮತ್ತು ವೀಣೆಯಲ್ಲಿ ಮೀಟುವ ಬೆರಳು ತಂತಿಗೆ ಅಡ್ಡಲಾಗಿ ಬರುತ್ತದೆ, ಮತ್ತು ಕೈ ಹೊಟ್ಟೆಯ ಹತ್ತಿರ, ಮೆಟ್ಟುಗಳು ಮುಗಿಯುವ ಕಡೆ ಇರುತ್ತದೆ. ತಂಬೂರಿಯಲ್ಲಿ ಕೈ ದಂಡಿಯ ಮೇಲೆ, ಬುರುಡೆಯಿಂದ ಸಾಕಷ್ಟು ಮೇಲಕ್ಕೆ ಇರುತ್ತದೆ. ಬೆರಳುಗಳು ತಂತಿಯ ಜೊತೆಗೇ ಉದ್ದಕ್ಕೆ ಮಲಗಿರುತ್ತವೆ. ಮಧ್ಯದ ಬೆರಳು ಮೊದಲ ತಂತಿಯನ್ನು ಮೀಟುತ್ತದೆ, ಉಳಿದ ಮೂರನ್ನು ತೋರುಬೆರಳು ಒಂದಾದ ಮೇಲೊಂದು ಸವರಿಕೊಂಡು ಹೋಗುತ್ತದೆ. ಒಮ್ಮೆ ಈ ಕೈಯ ಚಿತ್ರ ಕಣ್ಣಲ್ಲಿ ನಿಂತರೆ ಮತ್ತೆ ತಪ್ಪುವುದಿಲ್ಲ.

ಈಗ ಆ ಫೋಟೋಗೆ ಬರೋಣ. ಮೊದಲು ನನಗೂ ಗೊಂದಲವಾಯಿತು. ತಂತಿಯ ಮೇಲಿದ್ದದ್ದು ಎಡಗೈ. ಬಲಗೈ ಮಂಡಿಯ ಮೇಲೆ ಬಿಚ್ಚಿಟ್ಟಂತೆ ಇತ್ತು. ವೀಣೆ ಆಗಿದ್ದರೆ ಎರಡೂ ಕೈ ವಾದ್ಯದ ಮೇಲೇ ಇರಬೇಕಿತ್ತು. ಹುಡುಗಿ ಎಡಚಿಯಾ? ಆಗ ಸೀರೆಯ ಕಡೆ ಗಮನ ಹೋಯಿತು. ಸೆರಗು ಬಲಭುಜದ ಮೇಲಿತ್ತು. ಅವರ ಮನೆಯಲ್ಲಿ ಎಲ್ಲರೂ ಉಡುವುದು ಎಡಭುಜದ ಮೇಲೆ ಸೆರಗು ಬರುವ ಹಾಗೆ. ಪಕ್ಕದಲ್ಲಿ ನಿಂತಿದ್ದ ತಮ್ಮನ ಅಂಗಿಯನ್ನೂ ನೋಡಿದೆ. ಗಂಡಸರ ಅಂಗಿಯಲ್ಲಿ ಗುಂಡಿ ಇರುವುದು ತೊಟ್ಟವರ ಬಲಗಡೆ. ಇಲ್ಲಿ ಎಡಗಡೆ ಇತ್ತು. ಅಂದರೆ ನೆಗೆಟಿವನ್ನು ತಿರುಗಿಸಿ ಇಟ್ಟು ಪ್ರಿಂಟ್ ಹಾಕಿದ್ದರು. ಇಡೀ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಆಗಿತ್ತು.

ಫೋನಿನಲ್ಲಿ ಅದನ್ನು ತಿರುಗಿಸಿಕೊಂಡ ಮೇಲೆ ಎಲ್ಲಾ ಸರಿಹೋಯಿತು. ಬಲಗೈ ದಂಡಿಯ ಮೇಲೆ, ಬೆರಳುಗಳು ತಂತಿಯ ಉದ್ದಕ್ಕೆ. ಎಡಗೈ ಮಂಡಿಯ ಮೇಲೆ. ದಂಡಿಯನ್ನು ದೊಡ್ಡದು ಮಾಡಿ ನೋಡಿದೆ. ಮೇಣದ ಕಪ್ಪು ಅಂಚಿಲ್ಲ, ಅಡ್ಡ ಕಡ್ಡಿಗಳಿಲ್ಲ. ತಲೆಯಲ್ಲಿ ಯಾಳಿ ಇಲ್ಲ, ದಂಡಿ ನೇರವಾಗಿ ಮುಗಿದಿತ್ತು. ಬಿರಡೆ ಎಣಿಸಿದೆ. ಎದುರಿಗೆ ಎರಡು, ಪಕ್ಕಕ್ಕೆ ಒಂದೊಂದು. ಒಟ್ಟು ನಾಲ್ಕು. ತಂಬೂರಿಯ ಬಿರಡೆಗಳು ಇರುವುದೇ ಹೀಗೆ.

ಇನ್ನೊಂದು ವಿಷಯವೂ ಫೋಟೋದಲ್ಲೇ ಸಿಕ್ಕಿತು. ದಂಡಿ ಬುರುಡೆಗೆ ಸೇರುವ ಜಾಗದಲ್ಲಿ ಎಲೆಯ ಆಕಾರದ ಕೆತ್ತನೆ ಇತ್ತು. ಅದರ ಕೆಳಗೆ ಹೊಟ್ಟೆ ಸೋರೆ ಬುರುಡೆಯಂತೆ ದೊಡ್ಡದಾಗಿ ಉಬ್ಬಿತ್ತು. ಹಿಂದೂಸ್ತಾನಿ ಗಾಯಕರು ಬಳಸುವ ತಂಬೂರಿಗೆ ಒಣಗಿಸಿದ ಬುರುಡೆಯನ್ನೇ ಹಾಕುತ್ತಾರೆ. ಮೀರಜ್ ಪಟ್ಟಣ ಈ ಕೆಲಸಕ್ಕೆ ಹೆಸರುವಾಸಿ. ಕರ್ನಾಟಕ ಸಂಗೀತದ ಸಾಂಪ್ರದಾಯಿಕ ತಂಬೂರಿಯ ಕೊಡ ಮರದ್ದು, ಹೆಚ್ಚಾಗಿ ಹಲಸಿನದ್ದು. ಅದು ಅಷ್ಟು ದೊಡ್ಡದಾಗಿ ಉಬ್ಬಿರುವುದಿಲ್ಲ. ಗೆಳತಿಯ ಅಜ್ಜಿಯ ತವರು ಧಾರವಾಡದ ಕಡೆ. ಅಲ್ಲಿಂದ ಮೀರಜ್ ದೂರವೇನಲ್ಲ. ಹಾಗಾಗಿ ಅಜ್ಜಿ ಕಲಿತದ್ದು ವೀಣೆಯಲ್ಲ, ಹಾಡುಗಾರಿಕೆ, ಅದೂ ಬಹುಶಃ ಹಿಂದೂಸ್ತಾನಿ. 'ಬಹುಶಃ' ಅನ್ನುವ ಮಾತು ಬೇಕೇ ಬೇಕು. ಸ್ಟುಡಿಯೋದಲ್ಲಿ ಇದ್ದ ವಾದ್ಯವನ್ನು ಅಲಂಕಾರಕ್ಕೆ ಕೈಗೆ ಕೊಟ್ಟಿರಬಹುದು ಅಲ್ವಾ? ಆದರೆ ಸುಮ್ನೆ ಹಿಡಿದುಕೊಂಡವರ ಬೆರಳುಗಳು ಅಷ್ಟು ಸರಿಯಾದ ಜಾಗದಲ್ಲಿ ಕೂರುವುದು ಅಪರೂಪ. ಆ ಬೆರಳುಗಳನ್ನು ನೋಡಿಯೇ ನಾನು ಅವರು ಕಲಿತವರು ಅಂತ ಹೇಳಿದೆ.

ಚರ್ಮದ ವಾದ್ಯ: ಮೃದಂಗ, ಪಖಾವಜ್, ಢೋಲಕ್

ಮಡಿಲಲ್ಲಿ ಅಡ್ಡಕ್ಕೆ ಮಲಗಿಸಿ ಎರಡೂ ಕೈಯಿಂದ ನುಡಿಸುವ ವಾದ್ಯ ಕಂಡರೆ ನಾವು ಮೃದಂಗ ಅಂದುಬಿಡುತ್ತೇವೆ. ಇಲ್ಲಿ ನೋಡಬೇಕಾದ ಜಾಗ ಎರಡು. ಚರ್ಮದ ಮಧ್ಯ ಮತ್ತು ಮೈಮೇಲಿನ ಬಾರು.

ಮೃದಂಗದ ಬಲ ಮುಚ್ಚಿಗೆಯಲ್ಲಿ, ಅಂದರೆ ಬಲಗಡೆಯ ಚರ್ಮದ ಮೇಲೆ, ಕರಣೆ ಅನ್ನುವ ಕಪ್ಪು ವೃತ್ತ ಇರುತ್ತದೆ. ಅದು ಕಾಯಂ. ಎಡ ಮುಚ್ಚಿಗೆಯಲ್ಲಿ ಕಪ್ಪು ಇರುವುದಿಲ್ಲ. ಅಲ್ಲಿ ಕಛೇರಿಗೆ ಮುಂಚೆ ರವೆಯನ್ನು ನೀರಲ್ಲಿ ಕಲಸಿ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಹಾಗಾಗಿ ಎಡಗಡೆಯಿಂದ ತೆಗೆದ ಫೋಟೋದಲ್ಲಿ ಬಿಳಿಚಿಕೊಂಡ ಒಂದು ಮುದ್ದೆ ಕಾಣಬಹುದು, ಕಾಣದೆಯೂ ಇರಬಹುದು. ಕಾಣದಿದ್ದರೆ ಮೃದಂಗ ಅಲ್ಲ ಅಂತ ತೀರ್ಮಾನಿಸಬೇಡಿ. ಅಂಗಡಿಯಲ್ಲೋ ಮನೆಯ ಗೋಡೆಯ ಪಕ್ಕದಲ್ಲೋ ಇಟ್ಟ ಮೃದಂಗದ ಎಡಭಾಗ ಖಾಲಿಯೇ ಇರುತ್ತದೆ.

ಪಖಾವಜ್ ಕೂಡ ಹೀಗೆಯೇ. ಬಲಕ್ಕೆ ಕಪ್ಪು, ಎಡಕ್ಕೆ ಹಿಟ್ಟು. ಅಲ್ಲಿ ರವೆಯ ಬದಲು ಗೋಧಿಹಿಟ್ಟು, ಫೋಟೋದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಹಾಗಾದರೆ ಬೇರೆ ಮಾಡುವುದು ಹೇಗೆ? ಬಾರು ನೋಡಿ. ಪಖಾವಜಿನಲ್ಲಿ ಬಾರುಗಳ ಅಡಿಗೆ ಮರದ ದುಂಡು ಗಟ್ಟಿಗಳನ್ನು ತುರುಕಿರುತ್ತಾರೆ. ಅವನ್ನು ಸುತ್ತಿಗೆಯಿಂದ ಆಚೀಚೆ ಬಡಿದು ಶ್ರುತಿ ಸರಿಮಾಡುತ್ತಾರೆ. ತಬಲದಲ್ಲೂ ಇಂಥವೇ ಗಟ್ಟಿಗಳನ್ನು ನೀವು ನೋಡಿರುತ್ತೀರಿ. ಸಾಮಾನ್ಯ ಮೃದಂಗದಲ್ಲಿ ಈ ಗಟ್ಟಿಗಳಿಲ್ಲ, ಬಾರುಗಳು ಒತ್ತೊತ್ತಾಗಿ ನೇರ ಓಡುತ್ತವೆ. ಈಗ ಬಾರಿನ ಬದಲು ಬೋಲ್ಟ್ ಹಾಕಿದ ಮೃದಂಗಗಳೂ ಬಂದಿವೆ. ಅಲ್ಲಿ ಬಾರಿನ ಗುರುತು ನಡೆಯುವುದಿಲ್ಲ, ಕರಣೆಯನ್ನೇ ನೋಡಬೇಕು.

ಢೋಲಕ್ಕಿನಲ್ಲಿ ಸಾಮಾನ್ಯವಾಗಿ ಬಾರಿನ ಬದಲು ಹಗ್ಗ ಇರುತ್ತದೆ. ಹಗ್ಗದ ಜೋಡಿಗಳನ್ನು ಬಿಗಿಮಾಡಲು ಲೋಹದ ಬಳೆಗಳನ್ನು ಸಿಕ್ಕಿಸಿರುತ್ತಾರೆ. ಹೊರಗಿನಿಂದ ಕಪ್ಪು ಕರಣೆ ಕಾಣುವುದಿಲ್ಲ. ಕಛೇರಿಯ ಫೋಟೋದಲ್ಲಿ ಇದು ಬಂದು ಗೊಂದಲ ಮಾಡುವುದು ಕಡಿಮೆ. ಭಜನೆ, ಮದುವೆಯ ಫೋಟೋಗಳಲ್ಲಿ ಜಾಸ್ತಿ.

ಕರ್ನಾಟಕ ಸಂಗೀತದ ಕಛೇರಿಯ ಫೋಟೋದಲ್ಲಿ ಕೂರುವ ಜಾಗವೂ ಒಂದು ಸುಳಿವು. ಸಾಮಾನ್ಯವಾಗಿ ಗಾಯಕರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ಆಗ ಕರಣೆ ಇರುವ ಬಲ ಮುಚ್ಚಿಗೆ ಸಭಿಕರ ಕಡೆಗೆ ಬರುತ್ತದೆ. ಕ್ಯಾಮೆರಾ ಇರುವುದೂ ಆ ಕಡೆಯೇ ಆದ್ದರಿಂದ ಹೆಚ್ಚಿನ ಫೋಟೋಗಳಲ್ಲಿ ಆ ಕಪ್ಪು ವೃತ್ತ ಕಾಣುತ್ತದೆ. ಜಾಗ ಅದಲುಬದಲಾಗಿದ್ದರೆ ಮೊದಲು ಫೋಟೋ ಉಲ್ಟಾ ಆಗಿದೆಯಾ ಅಂತ ಪಿಟೀಲಿನ ಕಮಾನು ನೋಡಿ. ಪಿಟೀಲು ನುಡಿಸುವವರು ಕಮಾನು ಹಿಡಿಯುವುದು ಬಲಗೈಯಲ್ಲಿ. ಕಮಾನು ಬಲಗೈಯಲ್ಲೇ ಇದ್ದು ಮೃದಂಗ ಮಾತ್ರ ಆಚೆ ಕಡೆ ಇದ್ದರೆ ಮೃದಂಗದವರು ಎಡಚರು ಇರಬಹುದು. ಪಳನಿ ಸುಬ್ರಮಣ್ಯ ಪಿಳ್ಳೆ ಅಂಥವರು. ಅವರ ಎಡಗೈ ನುಡಿಸುತ್ತಿದ್ದದ್ದು ಕರಣೆಯ ಮುಚ್ಚಿಗೆಯನ್ನು. ಅವರ ಫೋಟೋ ಸಿಕ್ಕಿದರೆ ತಿರುಗಿಸಿ ಸರಿಮಾಡಲು ಹೋಗಬೇಡಿ, ಅದು ಸರಿಯಾಗಿಯೇ ಇದೆ.

ತಬಲದಲ್ಲಿ ಗೊಂದಲ ಇಲ್ಲ. ಎರಡು ಬೇರೆ ಬೇರೆ ವಾದ್ಯ, ನೆಟ್ಟಗೆ ಇಟ್ಟಿರುತ್ತಾರೆ. ಬಲಗಡೆಯ ಮರದ್ದರಲ್ಲಿ ಕಪ್ಪು ನಟ್ಟನಡುವೆ, ಎಡಗಡೆಯ ಲೋಹದ್ದರಲ್ಲಿ ಕಪ್ಪು ಒಂದು ಪಕ್ಕಕ್ಕೆ ಸರಿದಿರುತ್ತದೆ. ಕಪ್ಪೇ ಇಲ್ಲದೆ ಎರಡನ್ನೂ ಅಂಟಿಸಿದಂತೆ ಇದ್ದರೆ ಅದು ಬೊಂಗೊ.

ಓಲಗದ ಫೋಟೋದಲ್ಲಿ ಕಾಣುವ ಡೋಲನ್ನು ಮೃದಂಗ ಅಂತ ಬರೆದಿರುವುದನ್ನೂ ನೋಡಿದ್ದೇನೆ. ಕೈ ನೋಡಿದರೆ ಸಾಕು. ಡೋಲಿನವರ ಒಂದು ಕೈಯಲ್ಲಿ ಗಿಡ್ಡ ಕೋಲು ಇರುತ್ತದೆ, ಇನ್ನೊಂದು ಕೈಯ ಬೆರಳುಗಳಿಗೆ ಗಟ್ಟಿ ಟೋಪಿ ತೊಟ್ಟಿರುತ್ತಾರೆ. ಮೃದಂಗಕ್ಕೆ ಕೋಲು ಎಂದೂ ಇಲ್ಲ. ಜೊತೆಗಿರುವ ಊದುವ ವಾದ್ಯ ಉದ್ದವಾಗಿದ್ದು ತುದಿಯ ಅಗಲ ಬಾಯಿ ಮರದ್ದಾಗಿದ್ದರೆ ನಾಗಸ್ವರ. ಗಿಡ್ಡವಾಗಿದ್ದು ತುದಿ ಲೋಹದ್ದಾಗಿದ್ದರೆ ಶಹನಾಯಿ, ಉತ್ತರ ಕರ್ನಾಟಕದ ಮಾತಲ್ಲಿ ಸನಾದಿ.

ತಂತಿಯೂ ಚರ್ಮವೂ ಒಟ್ಟಿಗೆ ಇದ್ದರೆ

ತಂತಿವಾದ್ಯದ ಹೊಟ್ಟೆಯ ಮೇಲೆ ಮರದ ಹಲಗೆಯ ಬದಲು ಚರ್ಮ ಇದ್ದರೆ ಪಟ್ಟಿ ತಕ್ಷಣ ಚಿಕ್ಕದಾಗುತ್ತದೆ. ಚರ್ಮ ಇದ್ದು, ದಂಡಿಯ ಮೇಲೆ ಮೆಟ್ಟಿಲ್ಲದ ಹೊಳೆಯುವ ಲೋಹದ ತಗಡು ಇದ್ದರೆ ಸರೋದ್. ಚರ್ಮ ಇದ್ದು, ದಪ್ಪ ಗಿಡ್ಡ ಮೈಯನ್ನು ನೆಟ್ಟಗೆ ಹಿಡಿದು ಕಮಾನಿನಿಂದ ನುಡಿಸುತ್ತಿದ್ದರೆ ಸಾರಂಗಿ. ಕಮಾನು ಇದ್ದು ದಂಡಿಯ ಮೇಲೆ ಸಿತಾರಿನಂಥ ಬಾಗಿದ ಮೆಟ್ಟುಗಳೂ ಇದ್ದರೆ ಅದು ದಿಲ್ರುಬಾ ಅಥವಾ ಎಸ್ರಾಜ್. ಇವೆರಡನ್ನು ಒಂದು ಸಣ್ಣ ಫೋಟೋದಿಂದ ಬೇರೆ ಮಾಡುವುದು ಕಷ್ಟ.

ನಮ್ಮ ಜೋಗತಿಯರ ಚೌಡಿಕೆಯೂ ಈ ಗುಂಪಿನದೇ. ಸಣ್ಣ ಕೊಳಗದಂಥ ಮೈ, ಒಂದು ಕಡೆ ಚರ್ಮ, ಆ ಚರ್ಮದಿಂದಲೇ ಹೊರಡುವ ಒಂದೇ ತಂತಿ. ಕಂಕುಳಲ್ಲಿ ಇಟ್ಟುಕೊಂಡು ಮೀಟುತ್ತಾರೆ. ಇದನ್ನು ಏಕತಾರಿ ಅಂತ ಬರೆದುಬಿಡುವುದುಂಟು. ಒಂದೇ ತಂತಿ ಇದೆ ಅನ್ನುವುದು ನಿಜ, ಆದರೆ ತತ್ವಪದ ಹಾಡುವವರ ಏಕತಾರಿಯಲ್ಲಿ ತಂತಿ ಉದ್ದ ದಂಡಿಯ ಮೇಲೆ ಹಾದು ಬುರುಡೆಗೆ ಬರುತ್ತದೆ. ಅದು ತಂಬೂರಿಯ ನೆಂಟ. ಚೌಡಿಕೆಯ ಹುಟ್ಟೇ ಬೇರೆ, ಅದಕ್ಕೆ ಆ ಹೆಸರನ್ನೇ ಕೊಡಬೇಕು.

ಪಿಟೀಲು ಮತ್ತು ಗಿಟಾರ್

ಪಿಟೀಲನ್ನು ಗುರುತಿಸುವುದು ಸುಲಭ, ಯಾವ ಸಂಗೀತ ಅನ್ನುವುದನ್ನು ಭಂಗಿ ಹೇಳುತ್ತದೆ. ನೆಲದ ಮೇಲೆ ಕೂತು, ಪಿಟೀಲಿನ ಸುರುಳಿ ತುದಿಯನ್ನು ಬಲಪಾದದ ಮೇಲೆ ಊರಿದ್ದರೆ ನಮ್ಮ ಕಛೇರಿ ಪದ್ಧತಿ. ಗದ್ದದ ಕೆಳಗೆ ಇಟ್ಟು, ತುದಿ ಗಾಳಿಯಲ್ಲಿದ್ದರೆ ಪಾಶ್ಚಾತ್ಯ. ತುದಿ ಊರಿದಾಗ ವಾದ್ಯ ಗಟ್ಟಿಯಾಗಿ ನಿಲ್ಲುತ್ತದೆ, ಎಡಗೈ ಗಮಕಕ್ಕೆ ಜಾರಲು ಬಿಡುವಾಗುತ್ತದೆ.

ಗಿಟಾರ್ ಬಗೆಯಲ್ಲಿ ಬಿರಡೆಯ ಲೆಕ್ಕವೇ ಸಾಕು. ಆರಿದ್ದರೆ ಗಿಟಾರ್. ನಾಲ್ಕಿದ್ದು ಕತ್ತು ಬಹಳ ಉದ್ದ ಇದ್ದರೆ ಬೇಸ್, ನಾಲ್ಕಿದ್ದು ಪುಟ್ಟದಾಗಿದ್ದರೆ ಯುಕುಲೆಲೆ. ಎಂಟಿದ್ದು ತಂತಿಗಳು ಜೋಡಿ ಜೋಡಿಯಾಗಿದ್ದರೆ ಮ್ಯಾಂಡೊಲಿನ್. ಗಿಟಾರಿನಂತೆಯೇ ಇದ್ದು, ಪಕ್ಕದಲ್ಲಿ ಬಿರಡೆಗಳ ಸಾಲು ಇದ್ದು, ತೊಡೆಯ ಮೇಲೆ ಮಲಗಿಸಿ ಲೋಹದ ಸರಳು ಜಾರಿಸುತ್ತಿದ್ದರೆ ಮೋಹನ ವೀಣೆಯಂಥ ವಾದ್ಯ. ಹೆಸರಲ್ಲಿ ವೀಣೆ ಇದೆ, ಮೈಯೆಲ್ಲ ಗಿಟಾರಿನದು.

ಇನ್ನೊಂದು ಫೋಟೋ ಕೇಳುವಾಗ

ಫೋಟೋ ನೋಡಿ ಹೇಳಲು ಆಗದ ಸಂಗತಿಗಳೂ ಇವೆ. ಕಪ್ಪು-ಬಿಳುಪು ಚಿತ್ರದಲ್ಲಿ ವೀಣೆ ಬೀಟೆಯದಾ ಹಲಸಿನದಾ ಅಂತ ಹೇಳಲಾಗುವುದಿಲ್ಲ. ಪಾಲಿಶ್ ಮಾಡಿದ ಮೇಲೆ ಎರಡೂ ಗಾಢವಾಗಿಯೇ ಕಾಣುತ್ತವೆ. ಕ್ಯಾಲೆಂಡರ್ ಚಿತ್ರಗಳಲ್ಲಿ ಮೆಟ್ಟು ಎಣಿಸುವುದೂ ವ್ಯರ್ಥ, ಬರೆದವರು ಅಂದಕ್ಕೆ ಬರೆದಿರುತ್ತಾರೆ.

ಮನೆಯಲ್ಲಿ ವಾದ್ಯ ಇನ್ನೂ ಇದ್ದರೆ ಪೂರ್ತಿ ವಾದ್ಯದ ಇನ್ನೊಂದು ಫೋಟೋ ಕೇಳಬೇಡಿ. ಮೂರು ಹತ್ತಿರದ ಫೋಟೋ ಕೇಳಿ. ಒಂದು ತಲೆಯದು, ಎಲ್ಲಾ ಬಿರಡೆ ಕಾಣುವ ಹಾಗೆ. ಒಂದು ದಂಡಿಯನ್ನು ಪಕ್ಕದಿಂದ ತೆಗೆದದ್ದು, ಮೆಟ್ಟುಗಳನ್ನು ಮೇಣದಲ್ಲಿ ಕೂರಿಸಿದ್ದಾರಾ ದಾರದಲ್ಲಿ ಕಟ್ಟಿದ್ದಾರಾ ಅಂತ ಗೊತ್ತಾಗಲು. ಇನ್ನೊಂದು ತಂತಿಗಳು ಹೊಟ್ಟೆಯ ಮೇಲೆ ಆನಿಕೊಳ್ಳುವ ಕುದುರೆಯದು. ಫ್ಲ್ಯಾಶ್ ಬೇಡ, ತಂತಿ ಮಾಯವಾಗುತ್ತದೆ. ಕಿಟಕಿಯ ಪಕ್ಕ ಇಟ್ಟು, ಬೆಳಕು ಅಡ್ಡಲಾಗಿ ಬೀಳುವ ಹಾಗೆ ತೆಗೆಯಲು ಹೇಳಿ. ಮೆಟ್ಟುಗಳು ಉದುರಿಹೋಗಿದ್ದರೂ ಮೇಣದಲ್ಲಿ ಅವು ಕೂತಿದ್ದ ಗೀರುಗಳು ಆ ಬೆಳಕಲ್ಲಿ ಕಾಣುತ್ತವೆ. ಆ ಗೀರುಗಳನ್ನು ಎಣಿಸಿ. 24 ಬಂದರೆ ಅದು ವೀಣೆ.